ಟ್ರಯಲ್ ಸ್ಟೋರಿ ಕೇಳಿದವರಲ್ಲಿ ನಾವು ಗಮನಿಸುವುದು

ತಾಲ್ಲೂಕು ಮಟ್ಟದಲ್ಲಿ ಸುದ್ದಿ ಮಾಡುವ ನಮ್ಮಂಥವರಿಗೆ ಬೆಂಗಳೂರಿನಿಂದ ಕೆಲಸದ ಕರೆ ಬಂದರೆ, ಅದರ ಹಿಂದೆಯೇ ಇನ್ನೊಂದು ಮಾತೂ ಬರುತ್ತದೆ: 'ಮೊದಲು ಒಂದು ಟ್ರಯಲ್ ಸ್ಟೋರಿ ಮಾಡಿ ಕಳಿಸಿ.' ದುಡ್ಡಿನ ಪ್ರಸ್ತಾಪ ಇರುವುದಿಲ್ಲ. ಕಳಿಸಿದ ಮೇಲೆ ಒಂದು ಸಂದರ್ಶನ, ಆಮೇಲೆ ಇನ್ನೊಂದು, ಮತ್ತೊಂದು. ಪರೀಕ್ಷೆ ಮಾಡದೆ ಯಾರೂ ಕೆಲಸ ಕೊಡುವುದಿಲ್ಲ, ಅದು ನ್ಯಾಯವೇ. ಆದರೆ ಪರೀಕ್ಷೆ ಮಾಡುವ ರೀತಿಯಲ್ಲೇ ಆ ಸಂಸ್ಥೆ ನಾಳೆ ನಮ್ಮ ಸಮಯವನ್ನು ಹೇಗೆ ನಡೆಸಿಕೊಳ್ಳುತ್ತದೆ ಎಂಬುದು ಸಾಕಷ್ಟು ತಿಳಿಯುತ್ತದೆ.

ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದಲ್ಲಿ ಕೆಲಸ ಮಾಡುವ ನಾವು ಮೂವರು ಸ್ಟ್ರಿಂಗರ್‌ಗಳು ಒಮ್ಮೆ ಒಂದೇ ಡಿಜಿಟಲ್ ಸುದ್ದಿ ಸಂಸ್ಥೆಗೆ, ಹಾಸನ ಜಿಲ್ಲೆಯ ಒಂದೇ ಹುದ್ದೆಗೆ ಅರ್ಜಿ ಹಾಕಿದ್ದೆವು. ಮೂವರಿಗೂ ಟ್ರಯಲ್ ಬಂತು. ಅರಕಲಗೂಡಿನವರಿಗೆ ರಾಮನಾಥಪುರದ ತಂಬಾಕು ಹರಾಜು ಮಾರುಕಟ್ಟೆ, ಹೊಳೆನರಸೀಪುರದವರಿಗೆ ಹೇಮಾವತಿ ನಾಲೆಯ ಕೊನೆ ಭಾಗದ ನೀರು, ಚನ್ನರಾಯಪಟ್ಟಣದವರಿಗೆ ಕೊಬ್ಬರಿ ಬೆಲೆ. ಜೊತೆಗೆ ಪ್ರತಿಯೊಬ್ಬರೂ ಐದು ಸ್ಟೋರಿ ಐಡಿಯಾ ಬರೆದು, ಪ್ರತಿಯೊಂದಕ್ಕೂ ಯಾರನ್ನು ಮಾತಾಡಿಸಬಹುದು ಎಂದು ಫೋನ್ ನಂಬರ್ ಸಮೇತ ಕೊಡಬೇಕು.

ತಂಬಾಕಿನ ಸ್ಟೋರಿಯನ್ನೇ ಲೆಕ್ಕ ಹಾಕೋಣ. ಹರಾಜು ನಡೆಯುವ ದಿನ ಬೆಳಿಗ್ಗೆಯೇ ರಾಮನಾಥಪುರದಲ್ಲಿರಬೇಕು. ಬೇಲ್‌ಗಳ ಸಾಲು, ಖರೀದಿದಾರರು ಬೆಲೆ ಹಾಕುವುದು, ಬೆಲೆ ಒಪ್ಪದ ರೈತ ಬೇಲ್ ವಾಪಸ್ ಒಯ್ಯುವುದು, ಇಷ್ಟನ್ನೂ ಶೂಟ್ ಮಾಡಬೇಕು. ಮಂಡಳಿಯ ಅಧಿಕಾರಿಯ ಬೈಟ್‌ಗೆ ಕಾಯಬೇಕು. ಮಾರನೆಯ ದಿನ ಒಬ್ಬ ಬೆಳೆಗಾರರ ಮನೆಗೆ ಹೋಗಿ, ಎಲೆ ಹದ ಮಾಡುವ ಬ್ಯಾರನ್ ತೋರಿಸಿ, ಸೌದೆ ಖರ್ಚು, ಕೂಲಿ ಖರ್ಚು ಕೇಳಬೇಕು. ಮೂರನೆಯ ದಿನ ಸ್ಕ್ರಿಪ್ಟ್, ವಾಯ್ಸ್ ಓವರ್, ಎಡಿಟಿಂಗ್. ಬಂದ ಸುದ್ದಿಗೆ ಇಷ್ಟು ಎಂದು ದುಡಿಯುವ ಸ್ಟ್ರಿಂಗರ್‌ಗೆ ಮೂರು ದಿನ ಎಂದರೆ ಮೂರು ದಿನದ ಸುದ್ದಿ ಹೋಯಿತು ಎಂದೇ ಅರ್ಥ. ಪೆಟ್ರೋಲು ಬೇರೆ.

ಸಂಜೆ ಹಾಸನದಲ್ಲಿ ಟೀ ಕುಡಿಯುತ್ತಾ ಮೂವರೂ ನಮ್ಮ ನಮ್ಮ ಟ್ರಯಲ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಒಂದು ಪ್ರಶ್ನೆ ಎದ್ದಿತು. ತಂಬಾಕು, ನಾಲೆ, ಕೊಬ್ಬರಿ, ಇವನ್ನು ಇಟ್ಟುಕೊಂಡು ಮೂವರಲ್ಲಿ ಯಾರು ಮೇಲು ಎಂದು ಹೇಗೆ ಅಳೆಯುತ್ತಾರೆ? ಅಳೆಯಲು ಬರುವುದಿಲ್ಲ. ಅಭ್ಯರ್ಥಿಗಳನ್ನು ಹೋಲಿಸಬೇಕಾದರೆ ಎಲ್ಲರಿಗೂ ಒಂದೇ ಸಾಮಗ್ರಿ ಕೊಡಬೇಕು. ಒಬ್ಬೊಬ್ಬರಿಗೆ ಒಂದೊಂದು ಹೊಸ ಸುದ್ದಿ ಕೇಳಿದರೆ ಕೊನೆಗೆ ಸಂಸ್ಥೆಯ ಕೈಯಲ್ಲಿ ಉಳಿಯುವುದು ಮೂರು ಪ್ರಕಟಿಸಬಹುದಾದ ಸ್ಟೋರಿ, ಹದಿನೈದು ಐಡಿಯಾ, ಮತ್ತು ಮೂರು ತಾಲ್ಲೂಕಿನ ಸಂಪರ್ಕಗಳು. ತಂಬಾಕಿನ ವಿಡಿಯೊ ಹದಿನೈದು ದಿನದ ಮೇಲೆ 'ನಮ್ಮ ಪ್ರತಿನಿಧಿಯಿಂದ' ಎಂದು ಅವರ ಚಾನೆಲ್‌ನಲ್ಲಿ ಬಂತು.

ಇದಕ್ಕೆ ಪಕ್ಕದಲ್ಲಿಟ್ಟು ನೋಡಲು ಇನ್ನೊಂದು ಉದಾಹರಣೆ ಇದೆ. ಒಂದು ದಿನಪತ್ರಿಕೆಯ ಡೆಸ್ಕ್‌ನವರು ತಾಲ್ಲೂಕು ಪಂಚಾಯಿತಿ ಕೆಡಿಪಿ ಸಭೆಯ ನಾಲ್ಕು ಪುಟದ ಟಿಪ್ಪಣಿಯನ್ನು ಎಲ್ಲ ಅಭ್ಯರ್ಥಿಗಳಿಗೂ ಕೊಟ್ಟರು. 45 ನಿಮಿಷದಲ್ಲಿ 200 ಪದಗಳ ಸುದ್ದಿ, ಒಂದು ತಲೆಬರಹ. ಟಿಪ್ಪಣಿಯ ಮೂರನೆಯ ಪುಟದಲ್ಲಿ, ಅನುದಾನ ಬಂದರೂ ಖರ್ಚಾಗದ ಒಂದು ಕಾಮಗಾರಿಯ ಸಾಲು ಅಡಗಿತ್ತು. ಅದನ್ನು ಯಾರು ಲೀಡ್‌ಗೆ ತರುತ್ತಾರೆ ಎಂಬುದೇ ಪರೀಕ್ಷೆ. ಉತ್ತರ ಅವರಿಗೆ ಮೊದಲೇ ಗೊತ್ತಿತ್ತು. ಹಳೆಯ ಸಭೆಯದಾದ್ದರಿಂದ ನಾವು ಬರೆದದ್ದು ಅವರ ಪುಟಕ್ಕೆ ಬರುವಂತಿರಲಿಲ್ಲ. ಒಳ್ಳೆಯ ಟ್ರಯಲ್‌ನ ಗುರುತು ಇದು: ಪರೀಕ್ಷೆ ಮುಗಿದ ಮೇಲೆ ಆ ಬರಹದಿಂದ ಅವರಿಗೆ ಬೇರೆ ಉಪಯೋಗ ಇರುವುದಿಲ್ಲ.

ಕಾನೂನಿನ ಮಾತು ಸ್ವಲ್ಪ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಂ ಪ್ರಕಾರ ಬರಹದ ಮೊದಲ ಹಕ್ಕುದಾರ ಬರೆದವನೇ. ಪತ್ರಿಕೆಯ ನೌಕರನಾಗಿ, ಆ ಕೆಲಸದ ಭಾಗವಾಗಿ ಬರೆದಾಗ ಮಾತ್ರ, ಬೇರೆ ಒಪ್ಪಂದ ಇಲ್ಲದಿದ್ದರೆ, ಪ್ರಕಟಣೆಯ ಹಕ್ಕು ಮಾಲೀಕರಿಗೆ ಹೋಗುತ್ತದೆ. ಅಭ್ಯರ್ಥಿ ನೌಕರನಲ್ಲ. ಹಕ್ಕನ್ನು ಬಿಟ್ಟುಕೊಡಬೇಕಾದರೆ 19ನೇ ಕಲಂ ಪ್ರಕಾರ ಬರವಣಿಗೆಯಲ್ಲಿ, ಸಹಿಯೊಂದಿಗೆ ಆಗಬೇಕು. ಆದ್ದರಿಂದ ಟ್ರಯಲ್ ಜೊತೆ 'ಇದಕ್ಕೊಂದು ಸಹಿ ಹಾಕಿ' ಎಂದು ಫಾರಂ ಬಂದರೆ ಓದದೆ ಸಹಿ ಮಾಡಬಾರದು. ಆದರೆ ಈ ಕಾಯ್ದೆ ಕಾಯುವುದು ನಾವು ಬರೆದ ರೂಪವನ್ನು ಮಾತ್ರ. ಐಡಿಯಾಕ್ಕಾಗಲಿ, ಮಾಹಿತಿಗಾಗಲಿ ರಕ್ಷಣೆ ಇಲ್ಲ. ಹೀಗಾಗಿ ಐಡಿಯಾ ಪಟ್ಟಿ ಮತ್ತು ಫೋನ್ ನಂಬರ್ ಕೇಳುವವರ ಬಗ್ಗೆ ನಾವು ಹೆಚ್ಚು ಜಾಗರೂಕರು. ನಮ್ಮನ್ನು ನಂಬಿ ಮಾತಾಡಿದ ರೈತರ ನಂಬರ್ ನಮ್ಮ ಅರ್ಜಿಯ ಲಗತ್ತಲ್ಲ.

ಇನ್ನು ಸಂದರ್ಶನದ ಸುತ್ತುಗಳು. ಮೇಲೆ ಹೇಳಿದ ಡಿಜಿಟಲ್ ಸಂಸ್ಥೆಯಲ್ಲಿ ಮೊದಲು ಎಚ್‌ಆರ್ ಫೋನು, ಆಮೇಲೆ ಡೆಸ್ಕ್ ಮುಖ್ಯಸ್ಥರ ವಿಡಿಯೊ ಕಾಲ್, ಆಮೇಲೆ ಬೆಂಗಳೂರಿಗೆ ಬನ್ನಿ ಎಂದರು, ಮತ್ತೆ ಇನ್ನೊಮ್ಮೆ ಬನ್ನಿ ಎಂದರು. ನಮ್ಮ ಕಡೆಯಿಂದ ಬೆಂಗಳೂರಿಗೆ ಹೋಗಿಬರುವುದೆಂದರೆ ಬೆಳಗಿನ ಬಸ್ಸಿನಿಂದ ರಾತ್ರಿ ಬಸ್ಸಿನವರೆಗೆ ಇಡೀ ದಿನ. ನಾಲ್ಕೂ ಸಲ ಕೇಳಿದ್ದು ಒಂದೇ: ಎಷ್ಟು ವರ್ಷದ ಅನುಭವ, ಎಷ್ಟು ಸಂಬಳ ನಿರೀಕ್ಷೆ, ಹಾಸನದ ರಾಜಕೀಯ ಹೇಗಿದೆ. ಹಿಂದಿನವರು ಬರೆದುಕೊಂಡ ಟಿಪ್ಪಣಿ ಮುಂದಿನವರ ಮೇಜಿನ ಮೇಲೆ ಇರಲಿಲ್ಲ. ಐದನೆಯ ಸುತ್ತು ಎಂದಾಗ ನಾವು ಬಿಟ್ಟೆವು.

ಸುತ್ತುಗಳ ಸಂಖ್ಯೆಯೊಂದನ್ನೇ ನೋಡಿ ತೀರ್ಮಾನಿಸಲಾಗದು. ಕೆಪಿಎಸ್‌ಸಿಯ ಗೆಜೆಟೆಡ್ ಪ್ರೊಬೇಷನರ್ ಪರೀಕ್ಷೆಯ ದಾರಿ ಬಹಳ ಉದ್ದ. ಆದರೆ ಪೂರ್ವಭಾವಿ, ಮುಖ್ಯ ಪರೀಕ್ಷೆ, ವ್ಯಕ್ತಿತ್ವ ಪರೀಕ್ಷೆ ಎಂಬ ಹಂತಗಳು ಅಭ್ಯರ್ಥಿಗೆ ಮೊದಲೇ ಗೊತ್ತಿರುತ್ತವೆ, ಒಂದೊಂದರಲ್ಲಿ ಅಳೆಯುವುದು ಒಂದೊಂದನ್ನು. ಗೂಗಲ್‌ನಲ್ಲಿ ಮಾನವ ಸಂಪನ್ಮೂಲ ವಿಭಾಗ ನೋಡಿಕೊಳ್ಳುತ್ತಿದ್ದ ಲಾಸ್ಲೊ ಬಾಕ್ ತಮ್ಮ 2015ರ ಪುಸ್ತಕದಲ್ಲಿ, ನಾಲ್ಕು ಸಂದರ್ಶನಗಳ ನಂತರ ಎಷ್ಟು ಮಾಡಿದರೂ ತೀರ್ಮಾನ ಹೆಚ್ಚೇನೂ ಸುಧಾರಿಸದು ಎಂದು ಅಲ್ಲಿನ ಲೆಕ್ಕದಿಂದಲೇ ಬರೆದಿದ್ದಾರೆ. ಅದೇ ಪ್ರಶ್ನೆ ಹೊಸ ಮುಖದಿಂದ ಬರುತ್ತಿದ್ದರೆ, ಒಳಗೆ 'ಆಯ್ತು' ಎನ್ನುವ ಅಧಿಕಾರ ಯಾರಿಗೂ ಇಲ್ಲ ಎಂದೇ ನಾವು ಓದಿಕೊಳ್ಳುತ್ತೇವೆ. ಅಂಥ ಕಡೆ ಮುಂದೆ ನಮ್ಮ ಕಾಪಿಯೂ, ಬಿಲ್ಲೂ ಅದೇ ಮೇಜುಗಳ ನಡುವೆ ಅಲೆಯುತ್ತವೆ.

ಈಗ ಯಾರಾದರೂ ಟ್ರಯಲ್ ಕೇಳಿದರೆ ನಾವು ವಾಟ್ಸಾಪ್‌ನಲ್ಲಿ ಇಷ್ಟು ಬರೆಯುತ್ತೇವೆ: 'ನಮಸ್ಕಾರ ಸರ್. ಟ್ರಯಲ್ ಮಾಡಲು ಸಿದ್ಧರಿದ್ದೇವೆ. ಇದನ್ನು ಪ್ರಕಟಿಸುವಿರಾ? ಪ್ರಕಟಿಸಿದರೆ ಬೈಲೈನ್ ಮತ್ತು ಸಂಭಾವನೆ ಎಷ್ಟು? ಒಟ್ಟು ಎಷ್ಟು ಸುತ್ತು, ಕೊನೆಯ ತೀರ್ಮಾನ ಯಾರದು, ಎಂದು ತಿಳಿಸುವಿರಿ?' ಕೆಲವರು ಅಂದೇ ಉತ್ತರಿಸುತ್ತಾರೆ. 'ಪ್ರಕಟಿಸುವುದಿಲ್ಲ, ಹಳೆಯ ಸ್ಟೋರಿಯನ್ನೇ ಕಳಿಸಿ' ಎಂದವರೂ ಇದ್ದಾರೆ. 'ಕೆಲಸ ಬೇಕೋ ಬೇಡವೋ' ಎಂದು ಮರುಪ್ರಶ್ನೆ ಹಾಕಿದವರೂ ಇದ್ದಾರೆ, ಅವರಿಗೆ ನಾವು ಮುಂದೆ ಬರೆದಿಲ್ಲ.

ಈ ಗುರುತುಗಳಿಂದ ಎಲ್ಲವೂ ತಿಳಿಯುವುದಿಲ್ಲ. ಚೊಕ್ಕವಾಗಿ ಪರೀಕ್ಷೆ ಮಾಡಿದ ಕಡೆ ಸಂಬಳ ಕಡಿಮೆ ಇರಬಹುದು. ಇಬ್ಬರೇ ಸೇರಿ ನಡೆಸುವ ಸಣ್ಣ ಪತ್ರಿಕೆಯವರು ಉತ್ತರ ತಡಮಾಡಿದರೆ ಅದು ಕೆಲಸದ ಒತ್ತಡವಿರಬಹುದು. ಡಿಪ್ಲೊಮಾ ಮುಗಿಸಿ ಕೈಯಲ್ಲಿ ಒಂದೂ ಪ್ರಕಟಿತ ಬರಹ ಇಲ್ಲದವರಿಗೆ, ಬೈಲೈನ್ ಸಿಗುವುದಾದರೆ, ಒಂದು ಟ್ರಯಲ್ ಉಪಯೋಗಕ್ಕೂ ಬರಬಹುದು. ಆಗಲೂ ಒಪ್ಪುವ ಮೊದಲು ಎಷ್ಟು ದಿನ, ಎಷ್ಟು ಖರ್ಚು ಎಂದು ಕಾಗದದ ಮೇಲೆ ಬರೆದು ನೋಡಿ. ಬೈಲೈನ್ ಕೊಡುತ್ತೇವೆ ಎಂದ ಮಾತನ್ನು ಮೆಸೇಜಿನಲ್ಲೇ ಹೇಳಿಸಿಕೊಂಡು, ಆಮೇಲೆ ಬೈಕ್ ತೆಗೆಯಿರಿ.