ಪಡಸಾಲೆಯ ಕಂಬಕ್ಕೆ ಅಂಟಿಸಿದ ಬಿಲ್ಲೆ

9 ಫೆಬ್ರವರಿ 2026, ಸೋಮವಾರ

ಭಾನುವಾರ ಶಿವರಾತ್ರಿ. ಜಟಿಂಗ ರಾಮೇಶ್ವರನ ಬೆಟ್ಟ ಹತ್ತಲು ನೆಂಟರು ಹಿಂದಿನ ದಿನವೇ ಬಂದಿಳಿಯುತ್ತಾರೆ. ನಮ್ಮ ಮನೆಯ ಕಲ್ಲುಗೋಡೆಯೊಳಗೆ ಮೊಬೈಲ್ ಸಿಗ್ನಲ್ ನಿಲ್ಲುವುದಿಲ್ಲ. ಹಾಗಾಗಿ ಬಂದವರು ಕೈಕಾಲು ತೊಳೆಯುವ ಮುಂಚೆಯೇ ವೈಫೈ ಪಾಸ್‌ವರ್ಡ್ ಕೇಳುತ್ತಾರೆ. ಸೋದರತ್ತೆಗೆ ಅಷ್ಟುದ್ದದ ಇಂಗ್ಲಿಷ್ ಅಕ್ಷರಗಳನ್ನು ಒತ್ತುವುದು ಕಷ್ಟ. ಫೋನ್ ಮುಟ್ಟಿಸಿದರೆ ಸಾಕಾಗುವಂತೆ ಒಂದು ಎನ್‌ಎಫ್‌ಸಿ ಬಿಲ್ಲೆ ಮಾಡಿಡಬೇಕು.

ಮೊದಲು ರೂಟರ್‌ನಲ್ಲಿ ಅತಿಥಿಗಳಿಗೆಂದೇ ಬೇರೆ ನೆಟ್‌ವರ್ಕ್ ತೆರೆದೆ. ಇದನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಬಿಲ್ಲೆಯಲ್ಲಿ ಪಾಸ್‌ವರ್ಡ್ ಯಾವ ಮರೆಯೂ ಇಲ್ಲದೆ ಕೂತಿರುತ್ತದೆ. ಓದುವ ಆ್ಯಪ್ ಇದ್ದವರು ಯಾರು ಬೇಕಾದರೂ ಅದನ್ನು ತೆರೆದು ನೋಡಬಹುದು. ಅತಿಥಿ ನೆಟ್‌ವರ್ಕಿನಿಂದ ನಮ್ಮ ಕ್ಯಾಮೆರಾ, ಕಂಪ್ಯೂಟರುಗಳತ್ತ ದಾರಿ ಇಲ್ಲದಂತೆ ಮಾಡಿದೆ. ಭದ್ರತೆಯನ್ನು ಡಬ್ಲ್ಯುಪಿಎ2ಗೆ ಇಟ್ಟೆ. ಬರೀ ಡಬ್ಲ್ಯುಪಿಎ3 ಇಟ್ಟರೆ, ಡಬ್ಲ್ಯುಪಿಎ2 ಎಂದು ಬರೆದ ಬಿಲ್ಲೆಯಿಂದ ಫೋನು ಸೇರದು.

ಹೆಸರನ್ನು ಕನ್ನಡದಲ್ಲೇ ಇಡುವ ಆಸೆಯಿತ್ತು. ನೆಟ್‌ವರ್ಕ್ ಹೆಸರಿಗೆ ಸಿಗುವುದು 32 ಬೈಟ್ ಜಾಗ. ಕನ್ನಡದಲ್ಲಿ ಅಕ್ಷರ, ಕಾಗುಣಿತ ಚಿಹ್ನೆ, ಅನುಸ್ವಾರ ಪ್ರತಿಯೊಂದೂ 3 ಬೈಟ್ ತಿನ್ನುತ್ತದೆ. ‘ಜಟಿಂಗ’ ಎಂದರೆ 15 ಬೈಟ್, ‘ಜಟಿಂಗ ರಾಮೇಶ್ವರ’ ಎಂದರೆ ನಡುವಿನ ಖಾಲಿ ಜಾಗವೂ ಸೇರಿ 40. ಬೆಟ್ಟದ ಪೂರ್ತಿ ಹೆಸರು ಹಿಡಿಸಲೇ ಇಲ್ಲ, ನನಗೆ ಬೇಸರವಾಯಿತು. ಕೊನೆಗೆ `Jatinga-Athiti` ಎಂದು ಇಟ್ಟೆ.

11 ಫೆಬ್ರವರಿ, ಬುಧವಾರ

ತರಿಸಿದ್ದ ಬಿಲ್ಲೆಗಳು ಬಂದವು. ಒಳಗಿರುವ ಚಿಪ್ `NTAG213`, ನಮಗೆ ಬರೆಯಲು ಸಿಗುವುದು 144 ಬೈಟ್. ನಮ್ಮ ಹೆಸರು, 13 ಅಕ್ಷರದ ಪಾಸ್‌ವರ್ಡ್, ಭದ್ರತೆಯ ವಿವರ ಎಲ್ಲ ಸೇರಿದರೂ ನೂರು ಬೈಟ್ ದಾಟುವುದಿಲ್ಲ. ದೊಡ್ಡ ಚಿಪ್‌ಗೆ ಹೆಚ್ಚು ದುಡ್ಡು ಕೊಡುವ ಅಗತ್ಯವೇ ಇಲ್ಲ.

ಬರೆಯಲು `NFC Tools` ಆ್ಯಪ್ ಸಾಕು. ಹೊಸ ದಾಖಲೆಯಾಗಿ ವೈಫೈ ನೆಟ್‌ವರ್ಕ್ ಆರಿಸಿ, ದೃಢೀಕರಣಕ್ಕೆ `WPA2-Personal`, ಗೂಢಲಿಪಿಗೆ `AES` ಕೊಟ್ಟು, ಹೆಸರು, ಪಾಸ್‌ವರ್ಡ್ ತುಂಬಿ ಬಿಲ್ಲೆಯನ್ನು ಫೋನಿನ ಬೆನ್ನಿಗೆ ಹಿಡಿದೆ. ಕ್ಷಣದಲ್ಲಿ ಬರೆದಾಯಿತು. ಹೆಸರಿನಲ್ಲಿ ದೊಡ್ಡಕ್ಷರ ಸಣ್ಣಕ್ಷರ ಒಂದು ವ್ಯತ್ಯಾಸವಾದರೂ ಫೋನು ಅದನ್ನು ಬೇರೆ ನೆಟ್‌ವರ್ಕ್ ಎಂದೇ ತಿಳಿಯುತ್ತದೆ.

ಶಾಶ್ವತವಾಗಿ ಬೀಗ ಹಾಕುವ ಆಯ್ಕೆಯೂ ಇದೆ. ಅದನ್ನು ಒತ್ತಿದರೆ ಆ ಬಿಲ್ಲೆಗೆ ಮತ್ತೆ ಏನೂ ಬರೆಯಲಾಗದು. ಪಾಸ್‌ವರ್ಡ್ ಆಗಾಗ ಬದಲಿಸುವ ನಮಗೆ ಅದು ಬೇಡ. ಬರೆಯುವುದಕ್ಕೆ ಮಾತ್ರ ಗುಪ್ತಪದ ಹಾಕಿಟ್ಟೆ. ಓದುವುದು ಎಲ್ಲರಿಗೂ, ತಿದ್ದುವುದು ನನಗೆ ಮಾತ್ರ.

14 ಫೆಬ್ರವರಿ, ಶನಿವಾರ

ಎಲ್ಲಿ ಅಂಟಿಸುವುದೆಂದು ಅಮ್ಮನನ್ನು ಕೇಳಿದೆ. “ಬೀರುವಿಗೆ ಅಂಟಿಸಪ್ಪ, ಎಲ್ಲರ ಕಣ್ಣಿಗೂ ಬೀಳುತ್ತೆ” ಅಂದರು. ಕಬ್ಬಿಣದ ಬೀರುವಿನ ಮೇಲಿಟ್ಟು ತೋರಿಸಿದೆ: ಫೋನು ಕದಲಲಿಲ್ಲ. ಬಿಲ್ಲೆಯಲ್ಲಿ ಬ್ಯಾಟರಿ ಇಲ್ಲ, ಅದು ಜೀವ ಪಡೆಯುವುದು ಫೋನು ಹೊಮ್ಮಿಸುವ ಕಾಂತಕ್ಷೇತ್ರದಿಂದ. ಹಿಂದೆ ಲೋಹವಿದ್ದರೆ ಆ ಕ್ಷೇತ್ರ ಕುಂದಿ ಚಿಪ್ ಏಳುವುದೇ ಇಲ್ಲ. ಲೋಹದ ಮೇಲೆ ಅಂಟಿಸಲು ಫೆರೈಟ್ ಪದರವಿರುವ ಬಿಲ್ಲೆ ಬೇರೆಯೇ ಸಿಗುತ್ತದೆ. ಮರಕ್ಕೆ, ಕಲ್ಲಿಗೆ ಆ ತೊಡಕಿಲ್ಲ. ಪಡಸಾಲೆಯ ಮರದ ಕಂಬಕ್ಕೆ, ಎದೆಯೆತ್ತರದಲ್ಲಿ ಅಂಟಿಸಿದೆ.

ಸಂಜೆ ಅತ್ತೆ ಬಂದರು. ಫೋನಿನ ಲಾಕ್ ತೆರೆದು, ಬೆನ್ನನ್ನು ಕಂಬಕ್ಕೆ ಮುಟ್ಟಿಸಿ, ‘ನೆಟ್‌ವರ್ಕ್ ಸೇರಬೇಕೆ’ ಎಂದು ಕೇಳಿದ್ದಕ್ಕೆ ಒಪ್ಪಿಗೆ ಒತ್ತಿದರು. ಅಷ್ಟೇ. “ಅಯ್ಯೋ, ಇಷ್ಟೇನಾ?” ಎಂದು ಮೊಮ್ಮಗಳಿಗೆ ವಿಡಿಯೊ ಕರೆ ಮಾಡಿ ಬೆಟ್ಟ ತೋರಿಸಿದರು. ನನಗೆ ತುಂಬ ಸಂತೋಷವಾಯಿತು.

ಭಾವನ ಫೋನು ಸದ್ದೇ ಮಾಡಲಿಲ್ಲ. ಹೀಗಾದಾಗ ಬಿಲ್ಲೆಯನ್ನು ದೂರಬಾರದು. ಸೆಟ್ಟಿಂಗ್ಸ್‌ನಲ್ಲಿ ಎನ್‌ಎಫ್‌ಸಿ ಆರಿಹೋಗಿತ್ತು. ಫೋನು ಸ್ಪಂದಿಸಿ, ಪ್ರಶ್ನೆ ಕೇಳಿ, ಆಮೇಲೆ ಸೇರದಿದ್ದರೆ ಮಾತ್ರ ಬರೆದ ಹೆಸರು, ಪಾಸ್‌ವರ್ಡ್‌ಗಳನ್ನು ಅನುಮಾನಿಸಬೇಕು. ಅವರ ಮಗನದು ಐಫೋನ್. ಅದು ತಾನಾಗಿ ಓದುವುದು ವೆಬ್ ವಿಳಾಸದಂಥ ಕೊಂಡಿಗಳನ್ನು, ವೈಫೈ ದಾಖಲೆಯನ್ನಲ್ಲ. ಅಗ್ಗದ ಎಷ್ಟೋ ಫೋನುಗಳಲ್ಲಿ ಎನ್‌ಎಫ್‌ಸಿಯೇ ಇರುವುದಿಲ್ಲ. ಅವರಿಗೆಲ್ಲ ಬಿಲ್ಲೆಯ ಕೆಳಗೆ ಕ್ಯೂಆರ್ ಚೀಟಿ ಅಂಟಿಸಿದ್ದೇನೆ. ಅದರೊಳಗಿರುವುದು ಇಷ್ಟೇ:

```
WIFI:T:WPA;S:Jatinga-Athiti;P:ragirotti2026;;
```

16 ಫೆಬ್ರವರಿ, ಸೋಮವಾರ

ನಿನ್ನೆ ಎಲ್ಲರೂ ಬೆಟ್ಟ ಹತ್ತಿದೆವು. ಬಿ. ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದ ಅಶೋಕನ ಶಾಸನವನ್ನು ಹುಡುಗರಿಗೆ ತೋರಿಸಿದೆ. ಬಂಡೆ ಸವೆದು ಅಕ್ಷರಗಳು ಬಹಳ ಮಾಸಿವೆ. ಅದನ್ನು ಬರೆದ ಲಿಪಿಕಾರ ಚಪಡನ ಹೆಸರು ಹೇಳಿದಾಗ ಹುಡುಗರು ಕಿವಿಗೊಟ್ಟು ಕೇಳಿದರು.

ಮಧ್ಯಾಹ್ನ ನೆಂಟರೆಲ್ಲ ಹೊರಟರು. ನೆರೆಹೊರೆಯ ಹುಡುಗರ ಫೋನುಗಳೂ ಅತಿಥಿ ನೆಟ್‌ವರ್ಕ್ ಸೇರಿರುವುದು ರೂಟರ್ ಪಟ್ಟಿಯಲ್ಲಿ ಕಂಡಿತು. ಓದಿಗೆ ಬಳಸಲಿ, ತೊಂದರೆಯಿಲ್ಲ, ವೇಗಕ್ಕೆ ಮಾತ್ರ ಮಿತಿ ಹಾಕಿದೆ. ಪಾಸ್‌ವರ್ಡನ್ನು ಯುಗಾದಿಗೆ ಬದಲಿಸುತ್ತೇನೆ. ಆಗ ರೂಟರ್, ಬಿಲ್ಲೆ, ಕ್ಯೂಆರ್ ಚೀಟಿ ಮೂರನ್ನೂ ಒಂದೇ ದಿನ ತಿದ್ದಬೇಕು.