ಹೊಟ್ಟೆ ಅರವತ್ತೊಂದು, ಮೈ ನಲವತ್ತೆರಡು

ಶಿಗ್ಗಾಂವಿ ತಾಲ್ಲೂಕಿನಲ್ಲಿ ಒಂದು ಕಾರ್ಖಾನೆಯ ಟರ್ಬೈನಿಗೆ ಬುನಾದಿ ಹಾಕಿದ ವರ್ಷದ ಮಾತು ಇದು. ಮಾಗಿಯ ಚಳಿ. ಸುತ್ತ ಕಬ್ಬಿನ ಹೊಲ, ರಾತ್ರಿ ಹದಿನಾಲ್ಕು ಹದಿನೈದು ಡಿಗ್ರಿಗೆ ಇಳಿಯುತ್ತಿತ್ತು. ಹಾಕಬೇಕಾದದ್ದು ಒಂದೇ ರಾಫ್ಟ್: 20 ಮೀಟರ್ ಉದ್ದ, 10 ಮೀಟರ್ ಅಗಲ, 2 ಮೀಟರ್ ದಪ್ಪ. ಅಂದರೆ 400 ಘನ ಮೀಟರ್ ಕಾಂಕ್ರೀಟು, ನಡುವೆ ಎಲ್ಲೂ ಜಾಯಿಂಟ್ ಇಲ್ಲದೆ.

ಮನೆಯ ಸ್ಲ್ಯಾಬು ಹಾಕಿದವರಿಗೆ ಕಾಂಕ್ರೀಟು ಬಿಸಿಯಾಗುವುದು ಗೊತ್ತೇ ಆಗುವುದಿಲ್ಲ. ಸಿಮೆಂಟು ನೀರು ಕುಡಿದು ಗಟ್ಟಿಯಾಗುವಾಗ ಹುಟ್ಟುವ ಶಾಖ ಐದಾರು ಇಂಚಿನಲ್ಲಿ ಹುಟ್ಟಿದಂತೆಯೇ ಹೊರಗೆ ಹೋಗಿಬಿಡುತ್ತದೆ. ಎರಡು ಮೀಟರ್ ದಪ್ಪವಿದ್ದರೆ ಅದಕ್ಕೆ ದಾರಿಯೇ ಇಲ್ಲ. ಒಳಗೇ ಕೂತು ಏರುತ್ತ ಹೋಗುತ್ತದೆ. ನಮ್ಮ ಲೆಕ್ಕದಲ್ಲಿ ಒಂದು ಘನ ಮೀಟರಿಗೆ ನೂರು ಕಿಲೋ ಸಿಮೆಂಟು ಹಾಕಿದರೆ ಸುಮಾರು 12 ಡಿಗ್ರಿ ಏರಿಕೆ. ಮೊದಲ ಮಿಕ್ಸಿನಲ್ಲಿ ಇದ್ದದ್ದು 400 ಕಿಲೋ ಬರೀ ಸಿಮೆಂಟು. ಹಾಕುವಾಗಲೇ 33 ಡಿಗ್ರಿ ಇದ್ದರೆ ಮೇಲೆ 48 ಸೇರಿ 81.

ಅಷ್ಟು ಬಿಸಿಗೆ ಬಿಡುವಂತಿಲ್ಲ. 70 ದಾಟಿದರೆ ಸಿಮೆಂಟಿನೊಳಗೆ ಮೊದಲೇ ಆಗಬೇಕಾದ ಎಟ್ರಿಂಗೈಟ್ ಎಂಬ ಹರಳು ಆಗದೆ ಉಳಿಯುತ್ತದೆ. ಮುಂದೆ ವರ್ಷಗಳಾದ ಮೇಲೆ ತೇವ ಸಿಕ್ಕಾಗ ಅದು ಬೆಳೆದು ಗಟ್ಟಿ ಕಾಂಕ್ರೀಟನ್ನೇ ಒಳಗಿನಿಂದ ಸೀಳುತ್ತದೆ. ಹಾಗಾಗಿ ನಮ್ಮ ಪ್ಲಾನಿನ ಮೊದಲ ಸಾಲು: ಹೊಟ್ಟೆಯ ಶಾಖ 70 ಮೀರಕೂಡದು. ಎರಡನೆಯ ಸಾಲು: ಹೊಟ್ಟೆಗೂ ಮೈಗೂ ವ್ಯತ್ಯಾಸ 20 ಮೀರಕೂಡದು.

ಜನ ಮೊದಲನೆಯದಕ್ಕೆ ಹೆದರುತ್ತಾರೆ. ನನಗೆ ನಿದ್ದೆ ಕೆಡಿಸುವುದು ಎರಡನೆಯದು. ನಮ್ಮ ಕಡೆಯ ಜಲ್ಲಿಯ ಕಾಂಕ್ರೀಟು ಒಂದು ಡಿಗ್ರಿಗೆ ಸುಮಾರು ಹತ್ತು ಲಕ್ಷದಲ್ಲಿ ಹತ್ತು ಪಾಲು ಹಿಗ್ಗುತ್ತದೆ. 20 ಡಿಗ್ರಿಗೆ ಇನ್ನೂರು ಪಾಲು. ಎಳೆಯ ಕಾಂಕ್ರೀಟು ಬಿರಿಯದೆ ತಾಳುವುದು ಸುಮಾರು ನೂರು. ಹಿಡಿತ ಪೂರ್ತಿ ಬಿಗಿಯಾಗಿರುವುದಿಲ್ಲ, ಎಳೆಯ ಕಾಂಕ್ರೀಟು ಕೊಂಚ ಜಗ್ಗಿಕೊಡುತ್ತದೆ ಕೂಡ. ಅದಕ್ಕೇ 20ರ ತನಕ ಬದುಕುತ್ತೇವೆ. ಅದರಾಚೆ ಒಳಗಿನದು ಹಿಗ್ಗಿ, ತಣ್ಣಗಾದ ಮೇಲ್ಮೈ ಹರಿಯುತ್ತದೆ.

ಮಿಕ್ಸ್ ಬದಲಾಯಿಸಿದೆವು. ಸಿಮೆಂಟಿನಲ್ಲಿ ಅರ್ಧ ತೆಗೆದು ತೋರಣಗಲ್ಲಿನ ಕಡೆಯಿಂದ ಬರುವ ಸ್ಲ್ಯಾಗ್ ಪುಡಿ ಹಾಕಿದೆವು. ಅದು ನಿಧಾನಕ್ಕೆ ಬಿಸಿಯಾಗುತ್ತದೆ, ಏರಿಕೆ 36ರ ಸುಮಾರಿಗೆ ಬಂತು. ಇನ್ನುಳಿದದ್ದು ಹಾಕುವ ಶಾಖ. ಐಎಸ್ 7861 ಬಿಸಿಲುಗಾಲದ ಕಾಂಕ್ರೀಟಿಗೆ 40 ಡಿಗ್ರಿ ತನಕ ಬಿಡುತ್ತದೆ, ರಾಫ್ಟಿಗೆ ಆ ಔದಾರ್ಯ ನಡೆಯದು. 160 ಲೀಟರ್ ನೀರಿನಲ್ಲಿ 60 ಕಿಲೋ ಕಳೆದು ಅಷ್ಟೇ ಮಂಜುಗಡ್ಡೆ ಪುಡಿ ಹಾಕಿದರೆ ಸುಮಾರು ಹತ್ತು ಡಿಗ್ರಿ ಇಳಿಯುತ್ತದೆ ಅಂತ ಲೆಕ್ಕ ಹೇಳಿತು. ಮಂಜು ಕರಗಲು ತಿನ್ನುವ ಶಾಖ, ಬರೀ ತಣ್ಣೀರು ತಿನ್ನುವುದಕ್ಕಿಂತ ಬಲು ಹೆಚ್ಚು. ಹುಬ್ಬಳ್ಳಿಯಿಂದ ಗಡ್ಡೆ ಲಾರಿಯಲ್ಲಿ ಬಂತು. ಪ್ಲಾಂಟಿನಲ್ಲಿ 24 ಇದ್ದದ್ದು ದಾರಿಯಲ್ಲಿ ಏರಿ ಸೈಟಿಗೆ ಬರುವಾಗ 26, 27. ಸಂಜೆ ಆರಕ್ಕೆ ಶುರುಮಾಡಿ ಮರುದಿನ ಬೆಳಗ್ಗೆ ಹತ್ತಕ್ಕೆ ಮುಗಿಸಿದೆವು. ಒಂದೊಂದು ಗಾಡಿಯ ಚೀಟಿಯ ಮೇಲೂ ಶಾಖ, ಸ್ಲಂಪ್, ಹೊತ್ತು. ಎರಡು ಗಾಡಿ 30 ದಾಟಿ ಬಂದವು, ವಾಪಸ್ಸು ಹೋದವು. ಡ್ರೈವರುಗಳ ಬೈಗುಳ ಯಾವ ರಿಜಿಸ್ಟರಿನಲ್ಲೂ ಇಲ್ಲ.

ಕಂಬಿ ಕಟ್ಟುವಾಗಲೇ ಥರ್ಮೋಕಪಲ್ ವೈರುಗಳನ್ನು ಕಟ್ಟಿದ್ದೆವು: ನಟ್ಟನಡುವೆ ಮೂರು ಎತ್ತರದಲ್ಲಿ (ಮೇಲಿನದು ಮೇಲ್ಮೈಯಿಂದ 50 ಮಿಲಿಮೀಟರ್ ಕೆಳಗೆ), ಉದ್ದದ ಬದಿಯ ಅಂಚಿನಲ್ಲಿ, ಒಂದು ಮೂಲೆಯಲ್ಲಿ. ಒಂದು ಹೊರಗೆ ನೆರಳಿನಲ್ಲಿ, ಗಾಳಿಗೆ. ಪ್ರತಿ ಜಾಗಕ್ಕೂ ಜೋಡಿ ವೈರು, ಯಾಕೆಂದರೆ ವೈಬ್ರೇಟರ್ ಸೂಜಿ ಯಾವಾಗಲೂ ಒಂದನ್ನಾದರೂ ಕೊಲ್ಲುತ್ತದೆ. ಈ ಸಲ ಅಂಚಿನದೊಂದು ಹೋಯಿತು. ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಥರ್ಮಾಕೋಲ್, ಅದಕ್ಕೆ ತಾಡಪತ್ರಿ. ಬದಿಯ ಪ್ಲೈವುಡ್ ಬಿಚ್ಚಬಾರದು ಅಂತ ಕಟ್ಟಪ್ಪಣೆ. ಪ್ಲಾನಿನಲ್ಲಿ ಮೂರು ಗೆರೆ: ವ್ಯತ್ಯಾಸ 16ಕ್ಕೆ ನನಗೆ ಫೋನು, 18ಕ್ಕೆ ಕೈ ಹಾಕುವುದು, 20 ಮಿತಿ. ಮೊದಲ ಮೂರು ದಿನ ತಾಸಿಗೊಂದು ರೀಡಿಂಗ್. ಬರೆಯುವ ಹುಡುಗ ಸವಣೂರಿನವನು, ಅಕ್ಷರ ಮುತ್ತಿನಂತಿತ್ತು.

ಮೂರನೆಯ ರಾತ್ರಿ ಹೊಟ್ಟೆ 61ಕ್ಕೆ ಬಂದು ನಿಂತಿತು. ಒಂದು ಗಂಟೆಗೆ ಮೈ 45, ವ್ಯತ್ಯಾಸ 16. ಫೋನು ಬಂತು, ನಾನು ಜೀಪು ಹತ್ತಿದೆ. ತಲುಪುವಾಗ ಎರಡರ ರೀಡಿಂಗ್ ಬರೆದಾಗಿತ್ತು. ಹೊಟ್ಟೆ 61, ಮೈ 42.

ಹುಡುಗ ಗಾಬರಿಯಾಗಿದ್ದ. “ಸರ್ರ, ಥಂಡಿ ಭಾಳ ಬಿದ್ದೈತ್ರಿ, ಅದಕ್ಕ ಇಳದೈತಿ.”

ನಾನು ಗಾಳಿಯ ಕಾಲಂ ನೋಡಿದೆ. ಒಂದಕ್ಕೆ 15, ಎರಡಕ್ಕೂ 15. ಮೂಲೆ, ಅಂಚು ಎರಡೂ ಕದಲಿರಲಿಲ್ಲ. ಚಳಿಯಿಂದಾಗಿದ್ದರೆ ಮೊದಲು ಮೂಲೆ ಇಳಿಯಬೇಕು, ಅದಕ್ಕೆ ಮೂರು ಕಡೆಯಿಂದ ಗಾಳಿ. ನಡುವಿನದೊಂದೇ ತಾಸಿಗೆ ಮೂರು ಡಿಗ್ರಿ ಬಿದ್ದಿದೆ ಅಂದರೆ ಅದು ಹವೆಯಲ್ಲ, ಮನುಷ್ಯ. ಬ್ಯಾಟರಿ ಹಿಡಿದು ಹೋದೆವು. ನಡುವೆ ತಾಡಪತ್ರಿ ಮಡಚಿ, ಥರ್ಮಾಕೋಲ್ ಸರಿಸಿ, ಹಿರೇಕೆರೂರು ಕಡೆಯ ಹಿರಿಯರೊಬ್ಬರು ಪೈಪು ಹಿಡಿದು ನಿಂತಿದ್ದರು.

“ಏನ್ ಮಾಡಾಕತ್ತೀರಿ ಅಜ್ಜಾರ?”

“ಹಬೆ ಹೊಂಟಿತ್ತ್ರಿ ಸಾಹೇಬ್ರ. ಕೂಸು ಸುಡಾಕತ್ತೈತಿ, ಸ್ವಲ್ಪ ನೀರ ಬಿಟ್ಟೆ.”

ಅವರು ಹಾಕಿದ ಸ್ಲ್ಯಾಬುಗಳಿಗೆಲ್ಲ ಅದೇ ಸರಿಯಾದ ಮದ್ದು. ಇಲ್ಲಿ ಆ ನೀರು ಹೊಟ್ಟೆಯನ್ನು ಮುಟ್ಟುವುದೇ ಇಲ್ಲ, ಮೈಯನ್ನಷ್ಟೇ ಕುಗ್ಗಿಸುತ್ತದೆ. ನಿಲ್ಲಿಸಿ ಅಂದೆ, ನಿಲ್ಲಿಸಿದರು. ಒದ್ದೆ ಒರೆಸಿ, ಪ್ಲಾಸ್ಟಿಕ್ ಮುಚ್ಚಿ ನೋಡಿದರೆ ಕಾಲಡಿ ಸಿಕ್ಕ ಥರ್ಮಾಕೋಲ್ ಪುಡಿಪುಡಿ. ಆ ಹೊತ್ತಿನಲ್ಲಿ ಬೇರೆ ಎಲ್ಲಿಂದ ತರುವುದು? ಹಾನಗಲ್ಲಿನ ಗೌಂಡಿಯೊಬ್ಬ, “ನಮ್ಮ ಕಡೆ ಭತ್ತದ ಹುಲ್ಲ್ ರಗಡ್ ಐತ್ರಿ” ಅಂದ. ಬೆಳಗಾಗುವುದರೊಳಗೆ ಒಂದು ಟ್ರ್ಯಾಕ್ಟರ್ ಹುಲ್ಲು ಬಂತು. ಅಲ್ಲಿಯ ತನಕ ಇದ್ದಬದ್ದ ಗೋಣಿಚೀಲ, ಹುಡುಗರ ಕಂಬಳಿ. ಹುಲ್ಲು ಒಣಗಿದ್ದರೆ ಅದರ ನಡುವಿನ ಗಾಳಿಯೇ ಶಾಖ ಹಿಡಿಯುತ್ತದೆ. ನೆನೆದರೆ ಕೆಲಸಕ್ಕೆ ಬಾರದು, ಹಾಗಾಗಿ ಮೇಲೆ ತಾಡಪತ್ರಿ ಬಿಗಿಯಾಗಿರಬೇಕು. ಮೂರಕ್ಕೆ ಮೈ 43, ಆರಕ್ಕೆ 45. ಹೊಟ್ಟೆಯ ಶಾಖವೇ ಮೈಗೆ ಹತ್ತಿಕೊಂಡಿತು.

ಬೆಳಗ್ಗೆ ಒಬ್ಬರು ಸಲಹೆ ಕೊಟ್ಟರು: ಎರಡು ಗಂಟೆಯ 42ನ್ನು 44 ಮಾಡಿದರೆ ಫೈಲು ಚೆನ್ನಾಗಿ ಕಾಣುತ್ತದೆ. ಮಾಡಲಿಲ್ಲ. ಹುಡುಗನಿಂದ ಅದರ ಮುಂದೆಯೇ ಬರೆಸಿದೆ: ಹೊದಿಕೆ ತೆಗೆದಿತ್ತು, ನೀರು ಬಿದ್ದಿತ್ತು, ಎರಡೂವರೆಗೆ ಮತ್ತೆ ಮುಚ್ಚಿದೆವು. ಸಹಿ, ಹೊತ್ತು. ತಾಸಿಗೊಂದರಂತೆ ಎಷ್ಟೋ ಸಾಲು ನಯವಾಗಿ ಇಳಿದಿದ್ದರೆ ಯಾವ ಪರಿಶೀಲಕನೂ ನಂಬಲಾರ, ನಾನಂತೂ ನಂಬುವುದಿಲ್ಲ.

ಹೊದಿಕೆ ತೆಗೆಯುವ ದಿನವನ್ನು ಕ್ಯಾಲೆಂಡರು ಹೇಳಲಿಲ್ಲ. ರಾತ್ರಿಯ ಗಾಳಿ 14 ಅಂದರೆ ಹೊಟ್ಟೆ 34ಕ್ಕಿಂತ ಕೆಳಗೆ ಬರಬೇಕು. ಹನ್ನೊಂದನೆಯ ದಿನ ಬಂತು. ಮಧ್ಯಾಹ್ನದ ಬಿಸಿಲಲ್ಲಿ ಮೊದಲು ಹುಲ್ಲು, ಮರುದಿನ ಪ್ಲಾಸ್ಟಿಕ್. ಬಿರುಕು ಅಳೆಯುವ ಗೇಜು ಹಿಡಿದು ಇಡೀ ಮೈ ನೋಡಿದೆವು. ಅಜ್ಜಾರು ನೀರು ಬಿಟ್ಟ ಜಾಗದಲ್ಲಿ ಮಾತ್ರ ಅಂಗೈಯಗಲದ ಕೂದಲಗೆರೆ ಜಾಲ, 0.1 ಮಿಲಿಮೀಟರ್. ನಕ್ಷೆಯಲ್ಲಿ ಗುರುತು ಹಾಕಿ, ಫೋಟೋ ಅಂಟಿಸಿ, ಆ ರಾತ್ರಿಯ ಪುಟದ ಸಂಖ್ಯೆ ಬರೆದೆವು. ತಿಂಗಳು ಬಿಟ್ಟು ಮತ್ತೆ ಅಳೆದಾಗಲೂ ಅಷ್ಟೇ ಇತ್ತು.

ತಕರಾರು ಬಂದದ್ದು ಲೆಕ್ಕಪತ್ರದವರಿಂದ. ಟರ್ಬೈನ್ ಬುನಾದಿಯ ಖರ್ಚಿನಲ್ಲಿ ಭತ್ತದ ಹುಲ್ಲು ಯಾಕೆ, ಸೈಟಿನಲ್ಲಿ ಎಮ್ಮೆ ಸಾಕಿದ್ದೀರಾ ಅಂತ ಕೇಳಿ ಪತ್ರ ಬರೆದರು. ಎರಡು ಗಂಟೆಯ ಪುಟದ ನಕಲನ್ನೇ ಉತ್ತರಕ್ಕೆ ಲಗತ್ತಿಸಿ ಕಳಿಸಿದೆ. ಬಿಲ್ಲು ಪಾಸಾಯಿತು.