ಎರಡು ಬ್ಯಾಂಡ್, ಒಂದೇ ಹೆಸರು

ಹೊಸ ರೌಟರ್ ಬಂದಮೇಲೆ ಫೋನು, ಲ್ಯಾಪ್‌ಟಾಪ್ ಎಲ್ಲಾ ಚೆನ್ನಾಗಿ ಓಡುತ್ತಿವೆ, ಹಳೇ ಪ್ರಿಂಟರ್ ಮಾತ್ರ ವೈಫೈಗೆ ಸೇರುತ್ತಿಲ್ಲ. ಪಾಸ್‌ವರ್ಡೂ ಸರಿಯಿದೆ. ಹೀಗಾದಾಗ ಪ್ರಿಂಟರ್ ಕೆಟ್ಟಿದೆ ಅಂತ ದಯವಿಟ್ಟು ಎಸೆಯಬೇಡಿ.

ಈಗಿನ ರೌಟರ್‌ಗಳು 2.4 ಮತ್ತು 5 ಗಿಗಾಹರ್ಟ್ಸ್ ಎರಡಕ್ಕೂ ಒಂದೇ ಹೆಸರಿಟ್ಟು, ಯಾರನ್ನು ಎಲ್ಲಿಗೆ ಕಳಿಸಬೇಕೆಂದು ತಾವೇ ನೋಡಿಕೊಳ್ಳುತ್ತವೆ. ಇದೇ ಬ್ಯಾಂಡ್ ಸ್ಟೀರಿಂಗ್. ಹಲವು ರೌಟರ್‌ಗಳು 2.4ರಲ್ಲಿ ಬಂದ ಮೊದಲ ಕೆಲವು ಕರೆಗಳಿಗೆ ಬೇಕೆಂದೇ ಉತ್ತರ ಕೊಡುವುದಿಲ್ಲ. ಫೋನ್ ಆದರೆ 5ರಲ್ಲಿ ಹುಡುಕಿ ಸೇರಿಕೊಳ್ಳುತ್ತದೆ. 2.4 ಮಾತ್ರ ಗೊತ್ತಿರುವ ಪ್ರಿಂಟರ್, ಸ್ಮಾರ್ಟ್ ಪ್ಲಗ್‌ಗೆ ಆ ದಾರಿಯೇ ಇಲ್ಲ. ಕೆಲವು ಕಾದು ಮತ್ತೆ ಕೇಳುತ್ತವೆ, ಕೆಲವು ಅಲ್ಲಿಗೇ ಕೈಬಿಡುತ್ತವೆ.

ಪರೀಕ್ಷೆ ಸುಲಭ. ರೌಟರ್ ಸೆಟ್ಟಿಂಗಿನಲ್ಲಿ Smart Connect ಅಥವಾ Band Steering ಆಫ್ ಮಾಡಿ, 2.4ಕ್ಕೆ ಬೇರೆ ಹೆಸರು ಕೊಟ್ಟು ಪ್ರಿಂಟರ್ ಸೇರಿಸಿ ನೋಡಿ. ಸೇರಿತೆಂದರೆ ಪ್ರಿಂಟರ್ ಸರಿಯಿದೆ. ಆಗಲೂ ಸೇರದಿದ್ದರೆ ಭದ್ರತೆ WPA3 ಮಾತ್ರ ಇದೆಯೇ ನೋಡಿ. ಹಳೆಯವಕ್ಕೆ WPA2 ಬೇಕು.

ಹಾಗಂತ ಒಂದೇ ಹೆಸರು ಕೆಟ್ಟದ್ದಲ್ಲ. ಕೋಣೆಯಿಂದ ಕೋಣೆಗೆ ಓಡಾಡುವ ಫೋನಿಗೆ ಅದೇ ಅನುಕೂಲ. ಹಳೇ ಸಾಧನಗಳಿಗೆ ಮಾತ್ರ 2.4ರ ಪ್ರತ್ಯೇಕ ಹೆಸರು ಸೇರಿಸಲು ರೌಟರ್ ಬಿಟ್ಟರೆ ನನ್ನ ಮತ ಅದಕ್ಕೇ. ಅದಕ್ಕೆ ಗೆಸ್ಟ್ ನೆಟ್‌ವರ್ಕ್ ಬಳಸುವುದಾದರೆ ಒಂದು ಎಚ್ಚರ: ಅದು ಸಾಮಾನ್ಯವಾಗಿ ಮನೆಯ ಉಳಿದ ಸಾಧನಗಳಿಂದ ಪ್ರತ್ಯೇಕವಾಗಿರುತ್ತದೆ, ಪ್ರಿಂಟರ್ ಸೇರಿದರೂ ಫೋನಿಗೆ ಕಾಣುವುದಿಲ್ಲ.